ಬಿಸಿನೀರಿನ ಕಮೋಡ್ ಸೀಟ್: ಬಿಲ್‌ಗಿಂತ ಮೊದಲು ವೈರ್ ನೋಡಿ

ಅಮ್ಮನಿಗೆ 74, ಕೈ ಹಿಂದಕ್ಕೆ ಬಾಗಲ್ಲ. ಬಿಸಿನೀರಲ್ಲಿ ತೊಳೆಯುವ ಸೀಟ್ ತರೋಣ ಅಂತಿದೀವಿ. ಬೇಸಿನ್ ಪಕ್ಕದ ಸಾಕೆಟ್‌ನಿಂದ ಎಕ್ಸ್‌ಟೆನ್ಷನ್ ಎಳೆದರೆ ಸಾಕು ಅಂತಾರೆ ಎಲೆಕ್ಟ್ರಿಷಿಯನ್. ಬಿಲ್ ಜಾಸ್ತಿ ಬರುತ್ತಾ? (ಬನಶಂಕರಿ)

ಅಮ್ಮನಿಗಾದರೆ ಖಂಡಿತ ತನ್ನಿ. ಎಕ್ಸ್‌ಟೆನ್ಷನ್ ಮಾತ್ರ ಬೇಡವೇ ಬೇಡ.

ಎಲ್ಲರೂ ಬಿಲ್ ಬಗ್ಗೆಯೇ ಕೇಳುತ್ತಾರೆ. ನೀರನ್ನು ಆಗಿಂದಾಗ್ಗೆ ಕಾಯಿಸುವ ಸೀಟ್ ಸುಮಾರು 1,400 ವ್ಯಾಟ್ ಎಳೆಯುತ್ತದೆ, ಆದರೆ ಒಂದು ನಿಮಿಷ ಅಷ್ಟೇ. ದಿನಕ್ಕೆ ನಾಲ್ಕು ಸಲ ಅಂದರೂ ಒಂದು ಯೂನಿಟ್‌ನ ಹತ್ತನೇ ಒಂದು ಭಾಗ ಆಗುವುದಿಲ್ಲ. ಬಿಲ್ ಏರಿಸುವುದು ಸುಮ್ನೆ ಇಡೀ ದಿನ ಬೆಚ್ಚಗಿರುವ ಸೀಟು. ಬೆಂಗಳೂರಲ್ಲಿ ಅದು ಬೇಕಾಗುವುದು ಡಿಸೆಂಬರ್, ಜನವರಿಯ ಬೆಳಗ್ಗೆ ಮಾತ್ರ, ಉಳಿದಂತೆ ಆಫ್ ಮಾಡಿ.

ಅಪಾಯ ಇರುವುದು ಆ ಒಂದು ನಿಮಿಷದಲ್ಲಿ. 230 ವೋಲ್ಟ್‌ನಲ್ಲಿ 1,400 ವ್ಯಾಟ್ ಅಂದರೆ 6 ಆಂಪ್ ದಾಟಿತು. ಟ್ರಿಮ್ಮರ್‌ಗೆ ಅಂತ ಹಾಕಿದ ಚಿಕ್ಕ ಸಾಕೆಟ್ಟಿನ ಮಿತಿಯೇ 6 ಆಂಪ್. ವಿಜಯನಗರದ ಒಂದು ಮನೆಯಲ್ಲಿ ಹೀಗೇ ಹಾಕಿದ್ದರು. ನಾನು ಹೋದಾಗ ಸಾಕೆಟ್ಟಿನ ಬಲಗಡೆ ತೂತಿನ ಸುತ್ತ ಕಂದು ಕಲೆ, ಪಿನ್ ಕಿತ್ತರೆ ಸುಟ್ಟ ಪ್ಲಾಸ್ಟಿಕ್ ವಾಸನೆ. ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಎಂಸಿಬಿ ಸ್ವಿಚ್ ಬಿದ್ದೇ ಇರಲಿಲ್ಲ. ಬೀಳುವುದೂ ಇಲ್ಲ, ಯಾಕಂದ್ರೆ ಕರೆಂಟ್ ಅದರ ಮಿತಿಯೊಳಗೇ ಇತ್ತು, ಕಾದದ್ದು ಸಡಿಲವಾದ ಪಿನ್.

ಹಾಗಾಗಿ ಎಂಸಿಬಿಗಳಿರುವ ಡಿಬಿ ಪೆಟ್ಟಿಗೆಯಿಂದ ಬೇರೆಯೇ 2.5 ಚದರ ಎಂಎಂ ತಾಮ್ರದ ವೈರ್ ಎಳೆಸಿ, 16 ಆಂಪ್ ಸಾಕೆಟ್ ಹಾಕಿಸಿ, ಮುಚ್ಚಳ ಇರಲಿ, ಶವರ್ ನೀರು ಎರಚದ ಗೋಡೆಯಲ್ಲಿರಲಿ. ಈ ಲೈನಿಗೆ, ಕರೆಂಟ್ ಸೋರಿದರೆ ತಕ್ಷಣ ಬೀಳುವ 30 ಮಿಲಿಆಂಪ್ ಆರ್‌ಸಿಸಿಬಿ ಬೇಕೇ ಬೇಕು. "ಎಂಸಿಬಿ ಇದೆಯಲ್ಲ ಸಾರ್" ಅನ್ನುವವರ ಮಾತು ಕೇಳಬೇಡಿ. ಎಂಸಿಬಿ ವೈರ್ ಉಳಿಸುತ್ತದೆ, ಒದ್ದೆ ಮೈಯಲ್ಲಿ ಕೂತ ಮನುಷ್ಯರನ್ನಲ್ಲ. ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಬೀಳದಿದ್ದರೆ ಬದಲಿಸಿ.

ಹಳೇ ಮನೆಯಲ್ಲಿ ಅರ್ತ್ ವೈರೇ ಇರುವುದಿಲ್ಲ. ಆಗ ಕೆಲವರು ಸಾಕೆಟ್ ಒಳಗೇ ನ್ಯೂಟ್ರಲ್‌ಗೂ ಅರ್ತ್‌ಗೂ ತುಂಡು ವೈರ್ ಸೇರಿಸಿ ಹೋಗುತ್ತಾರೆ. ಅದು ಕೊಲೆಗಡುಕ ಕೆಲಸ! ನ್ಯೂಟ್ರಲ್ ಎಲ್ಲಾದರೂ ಕಿತ್ತರೆ, ಅರ್ತ್‌ಗೆ ಸೇರಿದ ಲೋಹಕ್ಕೆಲ್ಲ ಕರೆಂಟ್ ಬರುತ್ತದೆ. ಸಾಕೆಟ್ ಬಿಚ್ಚಿಸಿ ನಿಮ್ಮ ಕಣ್ಣಾರೆ ನೋಡಿ.

ಜಪಾನ್‌ನಿಂದ ಅಣ್ಣ ತಂದುಕೊಟ್ಟಿದ್ದಾನೆ, ಪ್ಲಗ್ ಬದಲಿಸಿದರೆ ಆಯ್ತಲ್ವಾ?

ಇಲ್ಲ, ಅದು 100 ವೋಲ್ಟ್‌ನದು, ನಮ್ಮ 230ಕ್ಕೆ ಸುಟ್ಟುಹೋಗುತ್ತದೆ.

ಇದರಿಂದ ಪೈಲ್ಸ್ ವಾಸಿ ಆಗುತ್ತಂತೆ?

ತೊಳೆಯುವುದು ಸುಲಭ ಆಗುತ್ತದೆ ಅಷ್ಟೇ, ರಕ್ತ ಬಂದರೆ ಡಾಕ್ಟರ್ ಹತ್ತಿರ ಹೋಗಿ.

ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದೀವಿ, ತಗೊಳ್ಳೋಣವಾ?

ಬೇಡ, ಹೆಲ್ತ್ ಫಾಸೆಟ್ ಸಾಕು.