ಹೊಗೆಯೊಳಗೆ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸಬೇಡಿ

ಸರ್, ಸಂಜೆ ಶಿವಮೊಗ್ಗದಿಂದ ಸಾಗರಕ್ಕೆ ಕಾರಲ್ಲಿ ಬರ್ತಿದ್ದೆ. ಆಯನೂರು ದಾಟಿದ ಮೇಲೆ ಪಕ್ಕದ ದರಗಿಗೆ ಬೆಂಕಿ ಬಿದ್ದು ರಸ್ತೆ ತುಂಬಾ ಹೊಗೆ. ನಾಲ್ಕೂ ಇಂಡಿಕೇಟರ್ ಹಾಕಿ ನಿಧಾನಕ್ಕೆ ದಾಟಿದೆ. ಸರೀನಾ? ನಿಲ್ಲಿಸಬೇಕಿತ್ತಾ?

ನಿಧಾನ ಸರಿ, ಇಂಡಿಕೇಟರ್ ತಪ್ಪು. ಬೇಸಿಗೆ ಶುರುವಾದರೆ ಸಾಕು, ಈ ಇಂಡಿಕೇಟರ್ ವಿಷಯ ಮತ್ತೆ ಮತ್ತೆ ಬರುತ್ತದೆ, ಹೇಳಿ ಹೇಳಿ ನನಗೆ ಸಿಟ್ಟೇ ಬರುತ್ತದೆ. ನಾಲ್ಕೂ ಮಿನುಗುತ್ತಿದ್ದರೆ ಹಿಂದಿನವನು ನಿಮ್ಮ ಗಾಡಿ ನಿಂತಿದೆ ಅಂದುಕೊಂಡು ಬಲಕ್ಕೆ ಎಳೆಯುತ್ತಾನೆ, ಎದುರಿಂದ ಬಸ್ ಬರುತ್ತಿರುತ್ತದೆ. ಅರ್ಧ ಹೊಗೆಯಲ್ಲಿ ಮುಚ್ಚಿದ್ದರೆ ಒಂದೇ ಇಂಡಿಕೇಟರ್ ಕಾಣಿಸಿ, ನೀವು ತಿರುಗುತ್ತೀರಿ ಅಂತ ಎದುರಿನವನು ತಿಳಿಯುತ್ತಾನೆ. ಅದು ನಿಂತ ಗಾಡಿಯ ದೀಪ, ಓಡುವ ಗಾಡಿಯದ್ದಲ್ಲ.

ಬೇಕಾದದ್ದು ಡಿಮ್‌ನಲ್ಲಿ ಹೆಡ್‌ಲೈಟ್. ಹೈಬೀಮ್ ಹಾಕಿದರೆ ಬೆಳಕು ಹೊಗೆಯ ಕಣಗಳಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ, ಮುಂದೆ ಬಿಳಿ ಗೋಡೆ ಬಿಟ್ಟು ಏನೂ ಕಾಣುವುದಿಲ್ಲ. ಹೊಸ ಕಾರಿನವರು ಇನ್ನೊಂದು ಗಮನಿಸಿ. ಮುಂದೆ ಹಗಲಲ್ಲೂ ಉರಿಯುವ ಡಿಆರ್‌ಎಲ್ ಇದೆಯಲ್ಲ, ಬಹಳಷ್ಟು ಕಾರುಗಳಲ್ಲಿ ಅದರ ಜೊತೆ ಹಿಂದಿನ ಕೆಂಪು ದೀಪ ಉರಿಯುವುದಿಲ್ಲ. ಆಟೋ ಹೆಡ್‌ಲೈಟ್ ಕೂಡ ಬೆಳಕಿರುವಾಗ ಹೊಗೆ ಕಂಡು ತಾನಾಗಿ ಹತ್ತುತ್ತದೆ ಅಂತ ನಂಬಬೇಡಿ. ಸ್ವಿಚ್ ನೀವೇ ತಿರುಗಿಸಿ.

ಇನ್ನು ನಿಲ್ಲಿಸುವ ಮಾತು. ತೀರ್ಮಾನ ಹೊಗೆಯ ಹೊರಗೇ ಆಗಬೇಕು, ಒಳಗೆ ಹೋದ ಮೇಲಲ್ಲ. ನೀವು 60ರಲ್ಲಿದ್ದೀರಿ ಅನ್ನಿ. ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತೀರಿ. ಕಂಡು, ಕಾಲು ಬ್ರೇಕಿಗೆ ಬರುವಷ್ಟರಲ್ಲಿ 25 ಮೀಟರ್ ಕಳೆಯಿತು. ಒಣ ಟಾರಿನಲ್ಲೂ ನಿಲ್ಲಲು ಇನ್ನೊಂದು 20 ಬೇಕು. ಒಟ್ಟು 45 ಮೀಟರ್, ಅಂದರೆ ಹತ್ತಿರ ಹತ್ತಿರ ನಾಲ್ಕು ಬಸ್ಸಿನ ಉದ್ದ. 30ರಲ್ಲಿದ್ದರೆ ಒಂದೂವರೆ ಬಸ್ಸಿನ ಉದ್ದದಲ್ಲಿ ನಿಲ್ಲುತ್ತೀರಿ. ಟಾರಿನ ಮೇಲೆ ದರಗೋ ಧೂಳೋ ಇದ್ದರೆ ಜಾಸ್ತಿಯೇ ಬೇಕು.

ಹಾಗಾಗಿ ದೂರದಲ್ಲಿ ಹೊಗೆ ಕಂಡ ಕೂಡಲೇ ಆಕ್ಸಿಲರೇಟರ್ ಬಿಡಿ, ಕನ್ನಡಿ ನೋಡಿ, ಬ್ರೇಕನ್ನು ಎರಡು ಮೂರು ಸಲ ಮೆಲ್ಲಗೆ ಒತ್ತಿ ಹಿಂದಿನವನಿಗೆ ತಿಳಿಸಿ. ಹೊಗೆಯ ಆ ಕಡೆಯ ರಸ್ತೆ ಕಾಣಿಸುತ್ತಿದೆಯಾ? ಎರಡು ಬಸ್ಸಿನ ಉದ್ದವಾದರೂ ಕಾಣುತ್ತದಾ? ಹಾಗಿದ್ದರೆ 30ಕ್ಕೆ ಇಳಿಸಿ, ಗ್ಲಾಸ್ ಏರಿಸಿ, ಹೊರಗಾಳಿ ಬರದ ಹಾಗೆ ಎಸಿ ಒಳಗಾಳಿಗೆ ಹಾಕಿ, ಎಡಗಡೆಯ ಬಿಳಿ ಗೆರೆ ಹಿಡಿದು ಹೋಗಿ. ನಡುಗೆರೆ ಹಿಡಿಯಬೇಡಿ, ಎದುರಿನವನೂ ಅದನ್ನೇ ಹಿಡಿದಿರುತ್ತಾನೆ. ಮುಂದಿನ ಲಾರಿಯ ಕೆಂಪು ದೀಪಕ್ಕೆ ಅಂಟಿಕೊಂಡು ಹೋಗುವ ಉಪಾಯ ಯಾರೋ ಡ್ರೈವರ್ ಹೇಳಿಕೊಟ್ಟಿದ್ದರೆ ಮರೆತುಬಿಡಿ. ಅವನು ಬ್ರೇಕ್ ಹಾಕಿದರೆ ನಿಮಗೆ ಜಾಗವೇ ಇರುವುದಿಲ್ಲ.

ಆ ಕಡೆ ಕಾಣದಿದ್ದರೆ ಒಳಗೆ ನುಗ್ಗಬೇಡಿ. ಸಾಕಷ್ಟು ಹಿಂದೆಯೇ ಟಾರು ಬಿಟ್ಟು ಪೂರ್ತಿ ಕೆಳಗಿಳಿಸಿ, ತೋಟದ ಗೇಟೋ ಬಸ್‌ಸ್ಟಾಪೋ ನೋಡಿ ನಿಲ್ಲಿಸಿ. ಒಣ ದರಗಿನ ಮೇಲೆ ಮಾತ್ರ ಬೇಡ. ಬಿಸಿ ಸೈಲೆನ್ಸರಿನಿಂದ ಅದಕ್ಕೂ ಬೆಂಕಿ ಹತ್ತಬಹುದು. ಸಂಜೆಯಾಗಿದ್ದರೆ ನಾನಂತೂ ವಾಪಸ್ ತಿರುಗಿಸುತ್ತೇನೆ. ನೆಲ ತಣ್ಣಗಾದ ಮೇಲೆ ಹೊಗೆ ಮೇಲೇರದೆ ಹಳ್ಳ, ಮೋರಿ ಇರುವ ತಗ್ಗುಗಳಲ್ಲಿ ಕೂರುತ್ತದೆ. ಬೆಳಗಿನ ಜಾವ ಅದಕ್ಕೆ ಇಬ್ಬನಿ ಸೇರಿದರೆ ಬಾನೆಟ್ಟಿನ ತುದಿಯೂ ಕಾಣದ ಹಾಗಾಗಬಹುದು.

ಒಳಗೆ ಹೋದ ಮೇಲೆಯೇ ದಟ್ಟವಾಯಿತು ಅನ್ನಿ. ರಸ್ತೆ ಮಧ್ಯೆ ನಿಲ್ಲಿಸಬೇಡಿ, ಆಮೆ ವೇಗದಲ್ಲಾದರೂ ಎಡಕ್ಕೆ ಇಳಿಯುವ ಜಾಗ ಹುಡುಕಿ. ಪೂರ್ತಿ ರಸ್ತೆಯಿಂದ ಇಳಿದಿದ್ದರೆ ಹ್ಯಾಂಡ್‌ಬ್ರೇಕ್ ಹಾಕಿ, ಬ್ರೇಕಿನಿಂದ ಕಾಲು ತೆಗೆದು, ಎಲ್ಲ ದೀಪ ಆರಿಸಿ. ಇದು ಹಲವರಿಗೆ ಒಪ್ಪಿಗೆಯಾಗುವುದಿಲ್ಲ, ಆದರೆ ಕಾರಣವಿದೆ: ದಾರಿ ಕಾಣದವನು ನಿಮ್ಮ ಕೆಂಪು ದೀಪವನ್ನೇ ರಸ್ತೆ ಅಂದುಕೊಂಡು ನೇರ ನಿಮ್ಮ ಹಿಂದೆ ಬಂದು ಗುದ್ದುತ್ತಾನೆ. ಒಂದು ಚಕ್ರವಾದರೂ ಟಾರಿನ ಮೇಲಿದ್ದರೆ ಮಾತ್ರ ನಾಲ್ಕೂ ಇಂಡಿಕೇಟರ್ ಹಾಕಿ, ಎಲ್ಲರೂ ಎಡಗಡೆಯಿಂದ ಇಳಿದು ರಸ್ತೆಯಿಂದ ದೂರ ನಿಲ್ಲಿ. ಜ್ವಾಲೆ ರಸ್ತೆ ಅಂಚಿಗೇ ಬಂದಿರುವ ಕಡೆ ನಿಲ್ಲುವ ಮಾತೇ ಇಲ್ಲ.

ಹೆಡ್‌ಲೈಟಿಗೆ ಹಳದಿ ಹಾಳೆ ಅಂಟಿಸಿದರೆ ಹೊಗೆ, ಮಂಜು ಸೀಳಿಕೊಂಡು ಹೋಗುತ್ತಂತೆ, ಹೌದಾ?

ಇಲ್ಲ. ಇದ್ದ ಬೆಳಕೂ ಕಮ್ಮಿಯಾಗುತ್ತದೆ, ಅದನ್ನು ಮಾರುವವನ ಜೇಬು ತುಂಬುತ್ತದೆ, ಅಷ್ಟೇ.

ಟಿಪ್ಪರ್ ಹಿಂದೆ ಕೆಂಪು ಧೂಳು, ಏನೂ ಕಾಣಲ್ಲ. ಓವರ್‌ಟೇಕ್ ಮಾಡೋದು ಒಳ್ಳೇದಲ್ವಾ?

ಕಾಣದ ಕಡೆಗೆ ನುಗ್ಗುವುದು ಹೇಗೆ ಒಳ್ಳೆಯದಾಗುತ್ತದೆ? ಹಿಂದೆ ಉಳಿದು ಧೂಳು ಇಳಿಯಲು ಬಿಡಿ.

ಗ್ಲಾಸ್ ಮೇಲೆ ಧೂಳು ಕೂತರೆ ವೈಪರ್ ಸಾಕಾ?

ಮೊದಲು ನೀರು ಚಿಮ್ಮಿಸಿ, ಆಮೇಲೆ ವೈಪರ್. ಒಣಗಿದ್ದಾಗಲೇ ಓಡಿಸಿದರೆ ಗ್ಲಾಸಿನಲ್ಲಿ ಗೀರು ಬಿದ್ದು, ರಾತ್ರಿ ಎದುರಿನ ಲೈಟ್ ಬಿದ್ದಾಗೆಲ್ಲ ಕಣ್ಣು ಕುಕ್ಕುತ್ತದೆ.