ಪ್ಯಾಶನ್ ಫ್ರೂಟ್ ರಸದ ವಿಟಮಿನ್ ಸಿ: ನೀಲಿ ಕಾಣದಿದ್ದಾಗ

ಪ್ರಶ್ನೆ: ಮಡಿಕೇರಿಯಲ್ಲಿ ಕೊಂಡ ಪ್ಯಾಶನ್ ಫ್ರೂಟಿನ ರಸಕ್ಕೆ ಅಯೋಡಿನ್ ಟೈಟ್ರೇಶನ್ ಮಾಡಿದರೆ ನೀಲಿ ಸರಿಯಾಗಿ ಕಾಣುತ್ತಿಲ್ಲ. ಏನು ಮಾಡಲಿ?

ಹಳದಿ ರಸದಲ್ಲಿ ಸ್ಟಾರ್ಚಿನ ನೀಲಿ ಮೊದಲು ಕೊಳಕು ಹಸಿರಾಗಿ ಕಾಣುತ್ತದೆ. ಅಚ್ಚ ನೀಲಿಗೆ ಕಾದರೆ ಅಯೋಡಿನ್ ಹೆಚ್ಚು ಬಿದ್ದು ಲೆಕ್ಕವೂ ಹೆಚ್ಚು ಬರುತ್ತದೆ.

ಬಟ್ಟೆಯಲ್ಲಿ ಸೋಸಿದ 20 ಮಿ.ಲೀ. ತಾಜಾ ರಸಕ್ಕೆ 150 ಮಿ.ಲೀ. ನೀರು, 1 ಮಿ.ಲೀ. ಸ್ಟಾರ್ಚ್ ದ್ರಾವಣ (1%) ಹಾಕಿ. ಇಂಥದ್ದೇ ಇನ್ನೊಂದು ಫ್ಲಾಸ್ಕನ್ನು ಅಯೋಡಿನ್ ಹಾಕದೆ, ಹೋಲಿಕೆಗೆಂದು ಪಕ್ಕದ ಬಿಳಿ ಟೈಲ್ ಮೇಲಿಡಿ. ಮೊದಲ ಫ್ಲಾಸ್ಕಿಗೆ 0.005 ಮೋಲಾರ್ ಅಯೋಡಿನ್ ಹನಿಹನಿಯಾಗಿ ಬಿಡಿ. ಎರಡರ ನಡುವೆ ಮೊದಲು ಕಂಡ ವ್ಯತ್ಯಾಸ 20 ಸೆಕೆಂಡು ನಿಂತರೆ ಅಲ್ಲೇ ನಿಲ್ಲಿಸಿ. ಪ್ರತಿ ಮಿ.ಲೀ. ಅಯೋಡಿನ್‌ಗೆ 0.88 ಮಿ.ಗ್ರಾಂ. ವಿಟಮಿನ್ ಸಿ. 6.5 ಮಿ.ಲೀ. ಹಿಡಿದರೆ 5.72 ಮಿ.ಗ್ರಾಂ., ಅಂದರೆ 100 ಮಿ.ಲೀ. ರಸದಲ್ಲಿ 28.6 ಮಿ.ಗ್ರಾಂ.

ಬಣ್ಣ ತೆಗೆಯಲು ಇದ್ದಿಲು ಮಾತ್ರ ಬೇಡ, ಅದು ವಿಟಮಿನ್ನನ್ನೇ ಆಕ್ಸಿಡೈಸ್ ಮಾಡಿಬಿಡುತ್ತದೆ.