ಸರ್ವೇಯರ್ ರಿಪೋರ್ಟ್ ಕೇಳಿ ಇನ್ಶೂರೆನ್ಸ್ ಕಂಪನಿಗೆ ಪತ್ರ ಬರೆಯೋದು ಹೇಗೆ?

ಪ್ರಶ್ನೆ: ನಮ್ಮ ಮನೆ ಸಕಲೇಶಪುರದ ಹತ್ತಿರ. ಗಾಳಿ ಮಳೆಗೆ ಮರ ಬಿದ್ದು ಹಂಚಿನ ಮಾಡು ಹಾಳಾಯ್ತು. ಭಾರತ್ ಗೃಹ ರಕ್ಷಾ ಪಾಲಿಸಿ ಇದೆ. ಕೇಳಿದ್ದರಲ್ಲಿ ಅರ್ಧವೂ ಕೊಡ್ತಿಲ್ಲ, ಯಾಕೆ ಅಂತಲೂ ಹೇಳ್ತಿಲ್ಲ, ವೋಚರ್‌ಗೆ ಸಹಿ ಹಾಕಿ ಅಂತಿದ್ದಾರೆ. ಸರ್ವೇಯರ್ ರಿಪೋರ್ಟ್ ನಮಗೆ ಕೊಡ್ತಾರಾ? ಪತ್ರ ಹೇಗೆ ಬರೀಬೇಕು?

ಉತ್ತರ: ಕೊಡ್ತಾರೆ, ಆದರೆ ಬರೆದು ಕೇಳಬೇಕು. ಫೋನಿನಲ್ಲಿ ಕೇಳಿದರೆ "ಅದು ಆಫೀಸಿನ ಒಳಗಿನ ಕಾಗದ" ಅಂತ ಸಾಗಹಾಕುತ್ತಾರೆ. ನನಗೂ ಹಾಗೇ ಹೇಳಿದ್ದರು.

ನಮ್ಮದು ಮೂಡಿಗೆರೆ ಕಡೆ. 2023ರ ಜುಲೈನಲ್ಲಿ ಒಂದು ರಾತ್ರಿ ಸಿಲ್ವರ್ ಓಕ್ ಮರ ಬುಡಸಮೇತ ಉರುಳಿತು. ಬುಡದ ಕಡೆ ಕಾಂಪೌಂಡ್ ಮೇಲೆ, ತುದಿ ಅಡುಗೆಮನೆ ಮಾಡಿನ ಮೇಲೆ. ನಿಮ್ಮ ಹಾಗೇ ಭಾರತ್ ಗೃಹ ರಕ್ಷಾ ಪಾಲಿಸಿ. ಸರ್ವೇಯರ್ ಮಳೆಯಲ್ಲೇ ಬಂದರು, ಕೊಡೆ ಹಿಡಿದುಕೊಂಡು ಇಪ್ಪತ್ತು ನಿಮಿಷ ಓಡಾಡಿದರು, ಫೋಟೊ ತೆಗೆದರು, ಹೋದರು. ಅವರದ್ದು ತಪ್ಪು ಅಂತ ಹೇಳಲ್ಲ, ಆ ವಾರ ಅವರಿಗೆ ಇಂಥ ಮನೆ ಎಷ್ಟಿದ್ದವೋ ಏನೋ. ಆಮೇಲೆ ಕಂಪನಿಯಿಂದ ಒಂದೇ ಸಾಲಿನ ಮೇಲ್ ಬಂತು: 77,944 ರೂಪಾಯಿ ಮಂಜೂರಾಗಿದೆ, ವೋಚರ್ ಸಹಿ ಮಾಡಿ ಕಳಿಸಿ. ನಾನು ಕೇಳಿದ್ದು ಎರಡೂವರೆ ಲಕ್ಷದ ಹತ್ತಿರ.

ಮೊದಲು ಸಿಟ್ಟಿನಲ್ಲಿ ಎರಡು ಪುಟ ಬರೆದು ಕಳಿಸಿದೆ. ಅನ್ಯಾಯ, ಮೋಸ, ಕೋರ್ಟು, ಎಲ್ಲ ಇತ್ತು ಅದರಲ್ಲಿ. ಬಂದ ಉತ್ತರ "ಪಾಲಿಸಿ ನಿಯಮದಂತೆ ಲೆಕ್ಕ ಹಾಕಲಾಗಿದೆ" ಅಂತ ಮಾತ್ರ. ಅವರದ್ದೇನು ತಪ್ಪು, ಆ ಪತ್ರದಲ್ಲಿ ಉತ್ತರ ಕೊಡಲೇಬೇಕಾದ ಪ್ರಶ್ನೆ ಒಂದೂ ಇರಲಿಲ್ಲ! ಎರಡನೇ ಪತ್ರ ಒಂದೇ ಪುಟ, ಸರ್ವೇಯರ್ ರಿಪೋರ್ಟ್ ಕೊಡಿ ಅನ್ನೋದಷ್ಟೇ. ಅದರ ಮುಖ್ಯ ಭಾಗ ಇಲ್ಲಿ ಹಾಕುತ್ತೇನೆ, ನಿಮ್ಮ ನಂಬರು ಹಾಕಿಕೊಂಡು ಬಳಸಿಕೊಳ್ಳಿ:

"ವಿಷಯ: ಕ್ಲೈಮ್ ನಂ. ..., ಪಾಲಿಸಿ ನಂ. ..., ಸರ್ವೇ ವರದಿಯ ಪ್ರತಿ ಕೋರಿ.

ನಷ್ಟ ಆದ ದಿನ ..., ಸರ್ವೇಯರ್ ಸ್ಥಳಕ್ಕೆ ಬಂದ ದಿನ ..., ತಾವು ಮೇಲ್ ಕಳಿಸಿದ ದಿನ .... ಮಂಜೂರಾದ ಮೊತ್ತ ಹೇಗೆ ಬಂತು ಎಂಬುದು ಮೇಲ್‌ನಲ್ಲಿ ಇಲ್ಲ. ಆದ್ದರಿಂದ ಸರ್ವೇಯರ್ ಕೊಟ್ಟ ಅಂತಿಮ ವರದಿಯ ಪೂರ್ತಿ ಪ್ರತಿ, ಅದರ ಜೊತೆಗಿನ ಅಳತೆ ಪಟ್ಟಿ, ನಷ್ಟದ ಲೆಕ್ಕದ ಹಾಳೆ, ಫೋಟೊಗಳು ಮತ್ತು ನಂತರ ಹೆಚ್ಚುವರಿ ವರದಿ ಪಡೆದಿದ್ದರೆ ಅದನ್ನೂ ಕೊಡಿ. ನನ್ನ ಅಂದಾಜಿನಲ್ಲಿ ಯಾವ ಬಾಬ್ತು ಬಿಟ್ಟಿದ್ದೀರಿ, ಯಾವುದರಲ್ಲಿ ಎಷ್ಟು ಕಡಿತ ಮಾಡಿದ್ದೀರಿ, ಪ್ರತಿ ಕಡಿತಕ್ಕೂ ಪಾಲಿಸಿಯ ಯಾವ ಷರತ್ತು ಆಧಾರ ಎಂದು ತಿಳಿಸಿ. ಅದು ಸಿಗುವವರೆಗೆ ವೋಚರ್‌ಗೆ ಸಹಿ ಮಾಡಲು ಆಗುವುದಿಲ್ಲ. ಇದು ಕ್ಲೈಮ್ ಹಿಂಪಡೆದಂತೆ ಅಲ್ಲ."

ಇದರಲ್ಲಿ ಕೆಲಸ ಮಾಡುವುದು "ಲೆಕ್ಕದ ಹಾಳೆ" ಅನ್ನೋ ಮಾತು. ವರದಿ ಮಾತ್ರ ಕೇಳಿದರೆ ಕೆಲವರು ಮೊದಲ ಎರಡು ಪುಟ ಕಳಿಸಿ ಮುಗಿಸುತ್ತಾರೆ. ದುಡ್ಡು ಕಳೆದಿರುವುದು ಯಾವಾಗಲೂ ಹಿಂದಿನ ಪುಟದಲ್ಲಿ. ಕಡೆಯ ಸಾಲೂ ಬೇಕು, ಇಲ್ಲದಿದ್ದರೆ "ಪಾರ್ಟಿ ಸ್ಪಂದಿಸಿಲ್ಲ" ಅಂತ ಫೈಲ್ ಮುಚ್ಚಿಬಿಡಬಹುದು.

ಪಾಲಿಸಿ ಕೊಟ್ಟ ಬ್ರಾಂಚಿನ ಕ್ಲೈಮ್ ವಿಭಾಗಕ್ಕೆ ಸ್ಪೀಡ್ ಪೋಸ್ಟ್ ಮಾಡಿ, ಅದನ್ನೇ ಸ್ಕ್ಯಾನ್ ಮಾಡಿ ಮೇಲ್ ಹಾಕಿ, ಒಂದು ಪ್ರತಿ ಸರ್ವೇಯರ್‌ಗೂ ಕಳಿಸಿ. ಪೋಸ್ಟಿನ ರಸೀದಿ ಜೋಪಾನ. ಕೇಳಿದರೆ ಪಾಲಿಸಿದಾರನಿಗೆ ವರದಿ ಕೊಡಬೇಕು ಅಂತ ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐನ 2017ರ ನಿಯಮದಲ್ಲಿ ಇತ್ತು, ನಾನು ಅದನ್ನೇ ಬರೆದಿದ್ದೆ. 2024ರಲ್ಲಿ ನಿಯಮಗಳನ್ನೆಲ್ಲ ಹೊಸದಾಗಿ ಮಾಡಿದ್ದಾರೆ, ಹಾಗಾಗಿ ನೀವು ಹಳೇ ನಂಬರ್ ಹಾಕಲು ಹೋಗಬೇಡಿ. ನಂಬರ್ ಇಲ್ಲದೆಯೂ ಪತ್ರ ನಡೆಯುತ್ತದೆ. ಕಂಪನಿ ಸರ್ಕಾರಿ ವಲಯದ್ದಾದರೆ ಇನ್ನೊಂದು ದಾರಿ ಇದೆ, ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅದೇ ವರದಿ ಕೇಳಬಹುದು.

ನನಗೆ ಮೂರು ವಾರಕ್ಕೆ ವರದಿ ಬಂತು. ಓದುವಾಗ ನೇರ ಲೆಕ್ಕದ ಹಾಳೆಗೆ ಹೋಗಿ, ಪ್ರತಿ ಸಾಲಿನಲ್ಲೂ ಅಳತೆ, ದರ, ಕಡಿತ ಈ ಮೂರನ್ನು ಬೇರೆ ಬೇರೆಯಾಗಿ ನೋಡಿ. ನನ್ನದರಲ್ಲಿ ದರದ ಬಗ್ಗೆ ತಕರಾರೇ ಇರಲಿಲ್ಲ. ಅಡಿಗೆ 400 ಅಂತ ನಮ್ಮ ಮೇಸ್ತ್ರಿ ಕೊಟ್ಟಿದ್ದನ್ನು ಅವರೂ ಒಪ್ಪಿದ್ದರು.

ಅಳತೆ ತಪ್ಪಿತ್ತು. ಮಾಡು 24 ಅಡಿ ಉದ್ದ, 18 ಅಡಿ ಅಗಲ, ಒಟ್ಟು 432 ಚದರ ಅಡಿ ಅಂತ ಬರೆದಿದ್ದರು. ಒಂದು ಕ್ಷಣ ಸರಿಯಾಗೇ ಇದೆ ಅನ್ನಿಸಿತು. ಆಮೇಲೆ ಹೊಳೆಯಿತು, ಅದು ನೆಲದ ಅಳತೆ, ಒಳಗೆ ನಿಂತು ಗೋಡೆಯಿಂದ ಗೋಡೆಗೆ ಹಿಡಿದದ್ದು. ಹಂಚು ಕೂರುವುದು ನೆಲದ ಮೇಲಲ್ಲ, ಇಳಿಜಾರಿನ ಮೇಲೆ ಅಲ್ವಾ? ಮಲೆನಾಡಿನ ಮಾಡಿಗೆ ಇಳಿಜಾರು ಜಾಸ್ತಿ. ನಮ್ಮದು ಹೆಚ್ಚುಕಡಿಮೆ 30 ಡಿಗ್ರಿ, ಆ ಇಳಿಜಾರಿಗೆ ನೆಲದ ಅಳತೆಗಿಂತ ಶೇ 15ರಷ್ಟು ಜಾಸ್ತಿ ಬರುತ್ತದೆ. ಮೇಸ್ತ್ರಿಯನ್ನು ಕರೆಸಿದೆ. ಮೇಲ್ಗಡೆ ಅವರು ಟೇಪಿನ ತುದಿ ಹಿಡಿದರು, ಕೆಳಗೆ ಸೂರಂಚಿನಲ್ಲಿ ನಾನು, ಉಳಿದಿದ್ದ ಒಂದು ಪಕಾಸಿಯ ಉದ್ದಕ್ಕೆ ಎಳೆದೆವು. 20 ಅಡಿ 9 ಇಂಚು. ಟೇಪಿನ ಅಂಕಿ ಕಾಣುವ ಹಾಗೆ ಮಗಳು ಫೋಟೊ ತೆಗೆದಳು. 24ಕ್ಕೆ ಗುಣಿಸಿದರೆ 498 ಚದರ ಅಡಿ. 66 ಅಡಿ ವ್ಯತ್ಯಾಸ, ದುಡ್ಡಿನಲ್ಲಿ 26,400. ನೀವು ಮಾಡು ರಿಪೇರಿ ಮುಗಿಸಿದ್ದರೂ ಪರವಾಗಿಲ್ಲ, ಹೊಸ ಪಕಾಸಿ ಅಳೆದರೂ ಅಷ್ಟೇ ಬರುತ್ತದೆ.

ದೊಡ್ಡ ಪೆಟ್ಟು ಬಿದ್ದಿದ್ದು ಕಡಿತದಲ್ಲಿ. 432 ಅಡಿಗೆ 1,72,800 ಬರಬೇಕಿತ್ತು. ಮಾಡು ಹಳೆಯದು ಅಂತ ಸವಕಳಿ ಶೇ 40 ಕಳೆದು 1,03,680 ಮಾಡಿದ್ದರು. ಅದರ ಮೇಲೆ ಮನೆಯ ಬೆಲೆ 25 ಲಕ್ಷ, ವಿಮೆ ಮಾಡಿಸಿದ್ದು 20 ಲಕ್ಷಕ್ಕೆ, ಅಂದರೆ ಐದರಲ್ಲಿ ನಾಲ್ಕು ಭಾಗ ಮಾತ್ರ, ಅಂತ ಇನ್ನೂ ಶೇ 20 ತೆಗೆದು 82,944. ಕೊನೆಗೆ ಬಿದ್ದ ಮರದ ಬೆಲೆ 5,000 ಕಳೆದಿದ್ದರು. 77,944 ಬಂದಿದ್ದು ಹೀಗೆ.

ಹಳೇ ಬೆಂಕಿ ವಿಮೆಗಳಲ್ಲಿ ಈ ಎರಡೂ ಕಡಿತ ಮಾಮೂಲಿ. ಆದರೆ 2021ರ ಏಪ್ರಿಲ್‌ನಿಂದ ಬಂದ ಗೃಹ ರಕ್ಷಾ ಪಾಲಿಸಿ ಬೇರೆ. ಅದರಲ್ಲಿ ಕಟ್ಟಡವನ್ನು ಹೊಸದಿದ್ದಾಗಿನ ಸ್ಥಿತಿಗೆ ತರುವ ಖರ್ಚು ಕೊಡಬೇಕು, ಹಾಗಾಗಿ ಹಳೆಯದು ಅಂತ ಸವಕಳಿ ಕಳೆಯುವಂತಿಲ್ಲ. ಕಡಿಮೆ ಮೊತ್ತಕ್ಕೆ ಮಾಡಿಸಿದ್ದೀರಿ ಅಂತ ಪಾಲು ಹಾಕುವ ಹಾಗೂ ಇಲ್ಲ. ನೀವು ಕೊಟ್ಟ ಅಳತೆ, ವಿವರ ನಿಜವಾಗಿರಬೇಕು, ಮತ್ತು ವಿಮೆಯ ಮೊತ್ತದ ಮಿತಿ ಇದ್ದೇ ಇರುತ್ತದೆ, ಅಷ್ಟೇ. ಯಾರೋ ಹಳೇ ಪಾಲಿಸಿಯ ಎಕ್ಸೆಲ್ ಹಾಳೆಯಲ್ಲೇ ನನ್ನ ಅಂಕಿ ತುಂಬಿದ್ದರು ಅನ್ನೋದು ನನ್ನ ಊಹೆ. ಇದನ್ನು ಓದುವವರಲ್ಲಿ ಅಂಗಡಿಗೆ ಪಾಲಿಸಿ ಮಾಡಿಸಿದವರಿದ್ದರೆ ಒಂದು ಮಾತು: ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ಕಡಿಮೆ ಮೊತ್ತಕ್ಕೆ ಮಾಡಿಸಿದ್ದಕ್ಕೆ ಇರುವ ಮಾಫಿ ಶೇ 15ರ ಕೊರತೆವರೆಗೆ ಮಾತ್ರ.

ಕಾಂಪೌಂಡಿನ 38,000 ಪೂರ್ತಿ ಬಿಟ್ಟಿದ್ದರು. ಈ ಪಾಲಿಸಿಯಲ್ಲಿ ಮನೆ ಕಟ್ಟಡ ಅಂದರೆ ಕಾಂಪೌಂಡ್, ಗೇಟು, ಬೇಲಿ, ತಡೆಗೋಡೆ ಎಲ್ಲ ಸೇರುತ್ತದೆ, ಪಾಲಿಸಿ ಪುಸ್ತಕದ ಮೊದಲ ಭಾಗದಲ್ಲೇ ಬರೆದಿದೆ. ಮರ ಕಡಿದು ಸಾಗಿಸಲು ನಾನು ಕೊಟ್ಟ 9,000ದ ಸುದ್ದಿಯೇ ಇರಲಿಲ್ಲ. ಅವಶೇಷ ತೆಗೆಸುವ ಖರ್ಚು ಕ್ಲೈಮ್ ಮೊತ್ತದ ಶೇ 2ರವರೆಗೆ ಸಿಗುತ್ತದೆ. 9,000 ಪೂರ್ತಿ ಬರಲ್ಲ ಅಂತ ಗೊತ್ತಿತ್ತು, ಹಾಗಾಗಿ ಶೇ 2 ಮಾತ್ರ ಕೇಳಿದೆ. ಸಿಗದ್ದನ್ನು ಕೇಳಿದರೆ ಸಿಗಬೇಕಾದ್ದರ ಮೇಲೂ ಅವರಿಗೆ ಅನುಮಾನ ಬರುತ್ತದೆ.

ಮೂರನೇ ಪತ್ರದಲ್ಲಿ ವಾದ ಮಾಡಲಿಲ್ಲ, ಪ್ರಶ್ನೆ ಮಾತ್ರ ಹಾಕಿದೆ. "ವರದಿಯ ಪುಟ 4ರಲ್ಲಿ ಮಾಡಿನ ಅಗಲ 18 ಅಡಿ ಎಂದಿದೆ. ಇದು ನೆಲದ ಅಳತೆಯೋ ಇಳಿಜಾರಿನದೋ? ಲಗತ್ತು 1ರ ಫೋಟೊದಲ್ಲಿ 20 ಅಡಿ 9 ಇಂಚು ಇದೆ." "ಶೇ 40 ಸವಕಳಿಗೆ ಪಾಲಿಸಿಯ ಯಾವ ಷರತ್ತು ಆಧಾರ?" "ಮರ ವಿಮೆಗೆ ಒಳಪಟ್ಟ ಸ್ವತ್ತಲ್ಲ, ಅದರ ಬೆಲೆ ನನ್ನ ನಷ್ಟದಲ್ಲಿ ಕಳೆದದ್ದು ಹೇಗೆ?" ಹೀಗೆ ಪುಟದ ನಂಬರ್ ಸಮೇತ ಆರು ಪ್ರಶ್ನೆ. ಕೊನೆಗೆ, ಸರ್ವೇಯರ್ ಇವನ್ನು ಪರಿಶೀಲಿಸಿ ಹೆಚ್ಚುವರಿ ವರದಿ ಕೊಡಲಿ ಅಂತ ಒಂದು ಸಾಲು. ಈ ಸಾಲು ಮರೀಬೇಡಿ, ಯಾಕೆಂದರೆ ಬ್ರಾಂಚಿನವರು ತಾವಾಗೇ ಅಂಕಿ ತಿದ್ದಲು ಹಿಂಜರಿಯುತ್ತಾರೆ, ಸರ್ವೇಯರ್ ತಿದ್ದಿ ಕೊಟ್ಟರೆ ಅವರಿಗೂ ಸುಲಭ.

ಹೆಚ್ಚುವರಿ ವರದಿಯಲ್ಲಿ ಮಾಡಿಗೆ 1,99,200 ಬಂತು. ಕಾಂಪೌಂಡಿಗೆ 38,000 ಬದಲು 30,000 ಹಾಕಿದರು. ಹಳೇ ಗೋಡೆ ಇಟ್ಟಿಗೆಯದು, ನಾನು ಕೊಟ್ಟಿದ್ದು ಸೈಜುಗಲ್ಲಿನ ಅಂದಾಜು, ಅದು ನನ್ನದೇ ತಪ್ಪು. ಅವಶೇಷಕ್ಕೆ 4,584. ಮರದ 5,000 ಕೈಬಿಟ್ಟರು, ಆದರೆ ಒಡೆಯದೆ ಉಳಿದ ಹಂಚಿಗೆ 3,000 ಕಳೆದರು. ಅದು ನ್ಯಾಯವೇ, ಆ ಹಂಚು ಈಗ ನಮ್ಮ ಕೊಟ್ಟಿಗೆ ಮೇಲಿದೆ. ಒಟ್ಟು 2,30,784.

ನಿಮಗೆ ಹೀಗೆ ಸಲೀಸಾಗಿ ಆಗದಿದ್ದರೆ ಅದೇ ಪತ್ರಗಳನ್ನು ಕಂಪನಿಯ ದೂರು ಅಧಿಕಾರಿಗೆ ಕಳಿಸಿ, ಐಆರ್‌ಡಿಎಐನ ದೂರು ಪೋರ್ಟಲ್ ಬಿಮಾ ಭರೋಸಾದಲ್ಲೂ ಹಾಕಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಫೀಸ್ ಇಲ್ಲ, ವಕೀಲರೂ ಬೇಡ, ಒಂದು ವರ್ಷದೊಳಗೆ ಹೋಗಬೇಕು. ಸರ್ವೇಯರ್ ಹೇಳಿದ್ದೇ ಕೊನೆ ಮಾತು ಅಂತ ಯಾರಾದರೂ ಅಂದರೆ, ಹಾಗಲ್ಲ ಅಂತ ಸುಪ್ರೀಂ ಕೋರ್ಟ್ 2009ರಲ್ಲೇ ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಆ ವರದಿಗೆ ಕಂಪನಿಯೂ ಕಟ್ಟುಬಿದ್ದಿಲ್ಲ, ನೀವೂ ಕಟ್ಟುಬಿದ್ದಿಲ್ಲ.

ಇನ್ನು ವೋಚರ್. "ಪೂರ್ತಿ ಮತ್ತು ಅಂತಿಮ" ಅಂತ ಇದ್ದರೆ ಈಗ ಸಹಿ ಹಾಕಬೇಡಿ. ಹಾಕಿದ ಮಾತ್ರಕ್ಕೆ ಎಲ್ಲ ಬಾಗಿಲು ಮುಚ್ಚುವುದಿಲ್ಲ, ಆದರೆ ಒತ್ತಡದಲ್ಲಿ ಹಾಕಿದೆ ಅಂತ ಆಮೇಲೆ ನೀವೇ ತೋರಿಸಬೇಕಾಗುತ್ತದೆ, ಅದು ಸುಮ್ನೆ ತಲೆನೋವು. ಮೇಸ್ತ್ರಿಗೆ ಕೊಡಲು ದುಡ್ಡು ತುರ್ತಾಗಿ ಬೇಕಿದ್ದರೆ, ಕೊಟ್ಟಷ್ಟನ್ನು ತಗೊಳ್ಳುತ್ತೇನೆ, ಉಳಿದದ್ದರ ಬಗ್ಗೆ ತಕರಾರು ಇದೆ ಅಂತ ಮೊದಲೇ ಮೇಲ್ ಹಾಕಿ, ವೋಚರ್ ಮೇಲೂ ಅದನ್ನೇ ಕೈಯಲ್ಲಿ ಬರೆದು ಅದರ ಕೆಳಗೆ ಸಹಿ ಮಾಡಿ, ಕಳಿಸುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.